ತಲಕಾವೇರಿಯಿಂದ ಪೂಂಪುಹಾರ್‌ವರೆಗೆ: ಹೊರಡುವ ದಿನವನ್ನು ನೀರು ನಿರ್ಧರಿಸಲಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 63. ಊರು ಮೈಸೂರು. ಹೆಂಡತಿಗೆ ಮಂಡಿ ನೋವಿದೆ, ಮೆಟ್ಟಿಲು ಹತ್ತುವುದು ಕಷ್ಟ. ಕಾವೇರಿಯನ್ನು ತಲಕಾವೇರಿಯಿಂದ ಸಮುದ್ರದವರೆಗೆ ನಿಧಾನವಾಗಿ ನೋಡುತ್ತಾ ಹೋಗಬೇಕೆಂಬುದು ನಮ್ಮಿಬ್ಬರ ಬಹುದಿನದ ಆಸೆ. ಎರಡು ವಾರ ಬಿಡುವಿದೆ, ಸ್ವಂತ ಕಾರಿದೆ. ದಿನಕ್ಕೊಂದು ಊರಿನಂತೆ ದಂಡೆಯ ದಾರಿಯಲ್ಲೇ ಹೋಗಬಹುದೇ? ಫೆಬ್ರವರಿಯಲ್ಲಿ ಹವೆ ಚೆನ್ನಾಗಿರುತ್ತದೆ, ಆಗಲೇ ಹೊರಡಿ ಎಂದು ಗೆಳೆಯರು ಹೇಳುತ್ತಾರೆ. ಕಾವೇರಿ ಈಗ ಸಮುದ್ರವನ್ನೇ ಸೇರುವುದಿಲ್ಲ, ಕೊನೆಯವರೆಗೆ ಹೋಗಿ ಪ್ರಯೋಜನವಿಲ್ಲ ಎನ್ನುವವರೂ ಇದ್ದಾರೆ. ಹರಿಗೋಲು ಹತ್ತಲು, ನದಿಯಲ್ಲಿ ಸ್ನಾನ ಮಾಡಲು ನಮ್ಮ ವಯಸ್ಸಿನವರಿಗೆ ಭಯವಿಲ್ಲವೇ?

ಉತ್ತರ: ನಿಮ್ಮ ಪ್ರಯಾಣ ಖಂಡಿತ ಸಾಧ್ಯ, ಎರಡು ವಾರವೂ ಸಾಕು. ಆದರೆ ಫೆಬ್ರವರಿ ಬೇಡ, ದಿನಕ್ಕೊಂದು ಊರೂ ಬೇಡ. ಇಂಥ ಪ್ರವಾಸಗಳನ್ನು ರೂಪಿಸಿಕೊಡುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ಸಂಗತಿಯೆಂದರೆ, ಜನರು ಮೊದಲು ನಕ್ಷೆ ಬಿಡಿಸಿ ಊರಿನಿಂದೂರಿಗೆ ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕುತ್ತಾರೆ. ಯಾವ ತಿಂಗಳಲ್ಲಿ ನದಿಯ ಯಾವ ಭಾಗದಲ್ಲಿ ನೀರಿರುತ್ತದೆ ಎಂಬುದನ್ನು ಕೊನೆಗೆ ಯೋಚಿಸುತ್ತಾರೆ, ಇಲ್ಲವೇ ಯೋಚಿಸುವುದೇ ಇಲ್ಲ. ಕಾವೇರಿಯ ಮಟ್ಟಿಗೆ ಇದು ತಲೆಕೆಳಗಾದ ಕ್ರಮ.

ಫೆಬ್ರವರಿಯ ಸಲಹೆಯನ್ನೇ ಮೊದಲು ನೋಡೋಣ. ಹವೆಯ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳಿದ್ದು ಸರಿ. ಕೊಡಗಿನಲ್ಲಿ ಆಗ ಬಿಸಿಲು ಹಿತವಾಗಿರುತ್ತದೆ, ತಂಜಾವೂರಿನ ಕಡೆ ಮಳೆ ನಿಂತಿರುತ್ತದೆ, ರಸ್ತೆಗಳೆಲ್ಲ ಒಣಗಿರುತ್ತವೆ. ನದಿಯೂ ಒಣಗಿರುತ್ತದೆ ಎಂಬುದೇ ತೊಂದರೆ. ಕಾವೇರಿ ಎರಡು ಮಳೆಗಾಲಗಳ ನದಿ. ಕೊಡಗಿನಿಂದ ಮೈಸೂರು ಸೀಮೆಯವರೆಗಿನ ಮೇಲ್ಭಾಗಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರು ನೀರು ಕೊಡುತ್ತದೆ. ತಿರುಚ್ಚಿಯಿಂದ ಕಡಲಿನವರೆಗಿನ ನದೀಮುಖಜ ಭೂಮಿಗೆ ಮಳೆ ಬರುವುದು ಮುಖ್ಯವಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಹಿಂಗಾರಿನಲ್ಲಿ. ಈ ಎರಡರ ನಡುವೆ ಎರಡು ದೊಡ್ಡ ಅಣೆಕಟ್ಟುಗಳಿವೆ: ನಮ್ಮ ಕನ್ನಂಬಾಡಿ ಮತ್ತು ಸೇಲಂ ಜಿಲ್ಲೆಯ ಮೆಟ್ಟೂರು. ಮೆಟ್ಟೂರಿನ ಕೆಳಗೆ ಹರಿಯುವ ಕಾವೇರಿಯಲ್ಲಿ ನೀರು ಇರುವುದೂ ಇಲ್ಲದಿರುವುದೂ ಆ ಅಣೆಕಟ್ಟಿನ ಬಾಗಿಲುಗಳನ್ನು ಅವಲಂಬಿಸಿದೆ.

ಮೆಟ್ಟೂರಿನಿಂದ ತಂಜಾವೂರು ಸೀಮೆಯ ಭತ್ತದ ಗದ್ದೆಗಳಿಗೆ ಜೂನ್ 12ರಿಂದ ಜನವರಿ 28ರವರೆಗೆ ನೀರು ಬಿಡುವುದು ವಾಡಿಕೆ. ಅದು ವಾಡಿಕೆ ಮಾತ್ರ, ಪ್ರತಿವರ್ಷವೂ ನಡೆಯುವ ಭರವಸೆಯಿಲ್ಲ. 2024ರಲ್ಲಿ ಜೂನ್ 12ಕ್ಕೆ ಸಾಕಷ್ಟು ನೀರಿಲ್ಲದೆ ಜುಲೈ ಕೊನೆಯಲ್ಲಿ ಬಾಗಿಲು ತೆರೆಯಲಾಯಿತು. ಆದರೂ ಈ ಎರಡು ದಿನಾಂಕಗಳು ನಿಮಗೆ ಒಳ್ಳೆಯ ದಿಕ್ಸೂಚಿ. ಜನವರಿ 28 ಕಳೆದ ಮೇಲೆ ಕುಡಿಯುವ ನೀರಿಗೆಂದು ಬಿಡುವ ಸಣ್ಣ ಹರಿವು ತಿರುಚ್ಚಿಯ ಸುತ್ತಮುತ್ತ ಕಾಣಬಹುದು. ಅಲ್ಲಿಂದ ಕೆಳಗೆ, ಕುಂಭಕೋಣದ ಹೊತ್ತಿಗೆ, ನಿಮ್ಮ ಕಣ್ಣಿಗೆ ಬೀಳುವುದು ಮರಳಿನ ಪಾತ್ರ, ಅದರ ಮೇಲೆ ಬೆಳೆದ ಹುಲ್ಲು ಮತ್ತು ದನಗಳು. ಮೇಲ್ಭಾಗದ ಶಿವನಸಮುದ್ರದಲ್ಲೂ ಫೆಬ್ರವರಿಯಲ್ಲಿ ನಿರಾಸೆಯೇ ಗತಿ. ಮೇಲೆ ಕನ್ನಂಬಾಡಿಯಲ್ಲಿ ನೀರು ನಿಂತಿರುತ್ತದೆ, ಬಂದಷ್ಟು ನೀರಿನಲ್ಲಿ ದೊಡ್ಡ ಪಾಲು 1902ರಿಂದಲೂ ನಡೆಯುತ್ತಿರುವ ವಿದ್ಯುತ್ ಉತ್ಪಾದನೆಗಾಗಿ ಕಾಲುವೆಗೆ ತಿರುಗುತ್ತದೆ. ಗಗನಚುಕ್ಕಿಯ ಬಂಡೆಗಳ ಮೇಲೆ ಆಗ ಉಳಿಯುವುದು ಕೆಲವು ಬಿಳಿ ಎಳೆಗಳಷ್ಟೆ.

ಹಾಗಾದರೆ ಮೂಲದಿಂದ ಕಡಲಿನವರೆಗೆ ನದಿಯನ್ನು ತುಂಬಿದಂತೆ ನೋಡಬಹುದಾದ ಕಾಲ ಯಾವುದು? ಜುಲೈ, ಆಗಸ್ಟ್‌ನಲ್ಲಿ ಜಲಪಾತಗಳ ಅಬ್ಬರ ಹೆಚ್ಚು, ನಿಜ. ಆದರೆ ಆ ತಿಂಗಳುಗಳಲ್ಲಿ ಭಾಗಮಂಡಲದ ತ್ರಿವೇಣಿ ಸಂಗಮ ಉಕ್ಕಿ ದೇವಸ್ಥಾನದ ಸುತ್ತ ನೀರು ನಿಲ್ಲುವುದು ವಾಡಿಕೆಯೇ ಆಗಿದೆ, ಬೆಟ್ಟದ ಮಣ್ಣೂ ಸಡಿಲವಾಗಿರುತ್ತದೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿಯ ಬೆಟ್ಟವೇ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸಿಲುಕಿದ ದುರಂತವನ್ನು ನೀವು ಮರೆತಿರಲಾರಿರಿ. ಮಂಡಿ ನೋವಿರುವವರೊಂದಿಗೆ ಆ ತಿಂಗಳುಗಳಲ್ಲಿ ಅಲ್ಲಿಗೆ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಉಳಿಯುವುದು ಎರಡು ಅವಧಿಗಳು. ಒಂದು ತುಲಾ ಮಾಸ, ಅಂದರೆ ಅಕ್ಟೋಬರ್ ನಡುಭಾಗದಿಂದ ನವೆಂಬರ್ ನಡುಭಾಗದವರೆಗೆ. ಇನ್ನೊಂದು ಜನವರಿಯ ಮೊದಲ ಮೂರು ವಾರ. ಜನವರಿಯಲ್ಲಿ ಮಳೆಯ ಕಾಟವಿಲ್ಲ, ತಂಜಾವೂರಿನ ಗದ್ದೆಗಳು ಹೊಂಬಣ್ಣಕ್ಕೆ ತಿರುಗಿ ಕೊಯ್ಲು ಆರಂಭವಾಗಿರುತ್ತದೆ, ತಿರುವೈಯಾರಿನಲ್ಲಿ ಪುಷ್ಯ ಬಹುಳ ಪಂಚಮಿಯ ತ್ಯಾಗರಾಜರ ಆರಾಧನೆ ಹಲವು ವರ್ಷಗಳಲ್ಲಿ ಇದೇ ತಿಂಗಳಲ್ಲಿ ಬರುತ್ತದೆ. ಆದರೆ ಮೇಲ್ಭಾಗದ ನದಿ ಆಗ ಇಳಿಮುಖವಾಗಿರುತ್ತದೆ, ಪೊಂಗಲ್ ಮತ್ತು ಶಬರಿಮಲೆ ಯಾತ್ರೆಯ ಕಾರಣ ಶ್ರೀರಂಗಂನಲ್ಲಿ ಕೋಣೆ ಸಿಗುವುದು ಕಷ್ಟ. ಜೊತೆಗೆ, ಮುಂಗಾರು ಕೈಕೊಟ್ಟ ವರ್ಷ ಮೆಟ್ಟೂರಿನ ಬಾಗಿಲು ಜನವರಿಗೆ ಎಷ್ಟೋ ಮೊದಲೇ ಮುಚ್ಚಿರಬಹುದು.

ನಿಮಗೆ ನಾನು ತುಲಾ ಮಾಸವನ್ನೇ ಸೂಚಿಸುತ್ತೇನೆ. ಕನ್ನಂಬಾಡಿ ತುಂಬಿರುವ ಕಾಲ ಅದು, ಜಲಪಾತಗಳಲ್ಲಿ ಸಾಕಷ್ಟು ನೀರಿರುತ್ತದೆ, ಮೆಟ್ಟೂರಿನಿಂದ ನೀರು ಹರಿಯುತ್ತಿರುತ್ತದೆ. ಇದಕ್ಕಿಂತ ಹೆಚ್ಚಾಗಿ, ನದಿಯ ಎರಡು ತುದಿಗಳನ್ನೂ ಒಂದೇ ಆಚರಣೆ ಬೆಸೆಯುವ ತಿಂಗಳು ಅದೊಂದೇ. ಅಕ್ಟೋಬರ್ 17ರ ಆಸುಪಾಸಿನಲ್ಲಿ ಬರುವ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವ ಆಗುತ್ತದೆ. ಅದೇ ತುಲಾ ಸ್ನಾನವನ್ನು ತಮಿಳುನಾಡಿನ ಕೆಳದಂಡೆಯ ಜನರು ಐಪ್ಪಸಿ ತಿಂಗಳಿಡೀ ಆಚರಿಸಿ, ಕೊನೆಯ ದಿನ ಮಯಿಲಾಡುತುರೈನ ತುಲಾ ಘಟ್ಟದಲ್ಲಿ ಮುಳುಗೇಳುತ್ತಾರೆ. ಕೊಡಗಿನಲ್ಲಿ ಆರಂಭವಾದ ಹಬ್ಬ ಕಡಲಿಗೆ ಒಂದು ಗಾವುದ ದೂರದಲ್ಲೂ ನಡೆಯುತ್ತಿರುವುದನ್ನು ಅದೇ ನದಿಯ ಜೊತೆ ಸಾಗಿ ಬಂದು ನೋಡುವುದು ನಿಮ್ಮಂಥ ಪ್ರಯಾಣಿಕರಿಗೆ ಬಹಳ ಒಪ್ಪುವ ಸಂಗತಿ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಹಿಂಗಾರು ಆರಂಭವಾಗುತ್ತದೆ, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುತ್ತವೆ. ಆದ್ದರಿಂದ ಸಂಕ್ರಮಣದ ಜನಜಂಗುಳಿ ಕರಗಿದ ಮೂರು ನಾಲ್ಕು ದಿನಗಳ ನಂತರ ಹೊರಟು, ನವೆಂಬರ್ ಮೊದಲ ವಾರದೊಳಗೆ ಕಡಲು ಮುಟ್ಟುವುದು ಒಳ್ಳೆಯ ನಡುದಾರಿ. ತೀರ್ಥೋದ್ಭವದ ಘಳಿಗೆಯನ್ನೇ ನೋಡಬೇಕೆಂಬ ಹಂಬಲ ನಿಮಗಿದ್ದರೆ ಅದು ಬೇರೆ ಮಾತು. ಆ ಘಳಿಗೆ ಪ್ರತಿವರ್ಷ ಬದಲಾಗುತ್ತದೆ, ಕೆಲವೊಮ್ಮೆ ನಡುರಾತ್ರಿಯಲ್ಲೂ ಬರುತ್ತದೆ, ವಾಹನಗಳನ್ನು ಕೆಳಗೇ ತಡೆಯುತ್ತಾರೆ, ಚಳಿಯಲ್ಲಿ ನಿಂತು ಕಾಯಬೇಕಾಗುತ್ತದೆ. ನಿಮ್ಮ ಮನೆಯವರ ಮಂಡಿಗೆ ಅದು ಹೇಳಿಸಿದ್ದಲ್ಲ.

ಹೊರಡುವ ಒಂದು ವಾರ ಮೊದಲು ದಿನಪತ್ರಿಕೆಯಲ್ಲಿ ಎರಡು ಅಂಕಿಗಳನ್ನು ನೋಡುವ ರೂಢಿ ಮಾಡಿಕೊಳ್ಳಿ. ಕನ್ನಂಬಾಡಿಯ ಮಟ್ಟ ನಿಮಗೆ ಪರಿಚಿತ, ಅದರ ಗರಿಷ್ಠ 124.80 ಅಡಿ. ಮೆಟ್ಟೂರಿನದು 120 ಅಡಿ. ಮಟ್ಟಕ್ಕಿಂತಲೂ ಹೊರಹರಿವು ಎಷ್ಟು ಕ್ಯೂಸೆಕ್ ಎಂಬುದು ನಿಮಗೆ ಮುಖ್ಯ, ಏಕೆಂದರೆ ನೀವು ನೋಡಲಿರುವುದು ನದಿಯನ್ನೇ ಹೊರತು ಜಲಾಶಯವನ್ನಲ್ಲ. ಕನ್ನಂಬಾಡಿಯ ಹೊರಹರಿವು ಒಮ್ಮೆಲೇ ಹೆಚ್ಚಾಗಿದ್ದರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ಶ್ರೀರಂಗಪಟ್ಟಣದ ಸ್ನಾನಘಟ್ಟಗಳ ಬಳಿ ಯಾರನ್ನೂ ಬಿಡುವುದಿಲ್ಲ. ಆದರೆ ಅದೇ ನೀರು ಶಿವನಸಮುದ್ರಕ್ಕೆ ತಲುಪಿದಾಗ ಜಲಪಾತ ತನ್ನ ನಿಜರೂಪ ತೋರಿಸುತ್ತದೆ. ಒಂದು ಕಡೆ ಕಳೆದುಕೊಂಡದ್ದನ್ನು ಇನ್ನೊಂದು ಕಡೆ ಪಡೆಯುತ್ತೀರಿ.

ಇನ್ನು ಕಾವೇರಿ ಸಮುದ್ರವನ್ನೇ ಸೇರುವುದಿಲ್ಲ ಎಂಬ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಕಾರಣ ತಿಳಿದುಕೊಂಡರೆ ಪ್ರವಾಸದ ಕೊನೆಯ ಭಾಗ ನಿಮಗೆ ಬೇರೆಯೇ ರೀತಿ ಕಾಣುತ್ತದೆ. ತಿರುಚ್ಚಿಗೆ ಸ್ವಲ್ಪ ಮೇಲೆ ಮುಕ್ಕೊಂಬು ಎಂಬಲ್ಲಿ ನದಿ ಎರಡಾಗುತ್ತದೆ. ಎಡಗಡೆಯದು ಕೊಳ್ಳಿಡಂ, ಬಲಗಡೆಯದು ಕಾವೇರಿ ಎಂಬ ಹೆಸರನ್ನು ಉಳಿಸಿಕೊಂಡ ಕವಲು. ಇವೆರಡರ ನಡುವಿನ ದ್ವೀಪವೇ ಶ್ರೀರಂಗಂ. ಕೊಳ್ಳಿಡಂನ ಪಾತ್ರ ಅಗಲ, ಮಟ್ಟವೂ ತಗ್ಗು, ಹೀಗಾಗಿ ನೀರಿನ ಸಹಜ ಒಲವು ಆ ಕಡೆಗೇ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಚ್ಚಿನ ನೀರೆಲ್ಲ ಕೊಳ್ಳಿಡಂಗೆ ಜಾರಿ ತಂಜಾವೂರಿನ ಗದ್ದೆಗಳು ಒಣಗತೊಡಗಿದಾಗ, ಆರ್ಥರ್ ಕಾಟನ್ ಎಂಬ ಎಂಜಿನಿಯರ್ 1836ರ ಹೊತ್ತಿಗೆ ಮುಕ್ಕೊಂಬಿನಲ್ಲಿ ಕೊಳ್ಳಿಡಂಗೆ ಅಡ್ಡಲಾಗಿ ಅಣೆ ಕಟ್ಟಿಸಿ ನೀರನ್ನು ಕಾವೇರಿಯ ಕವಲಿಗೆ ತಿರುಗಿಸಿದರು. ಅಂದಿನಿಂದ ಕಾವೇರಿ ಬೇಸಾಯದ ಕವಲು, ಕೊಳ್ಳಿಡಂ ಪ್ರವಾಹದ ಕವಲು. 2018ರ ಆಗಸ್ಟ್‌ನ ಪ್ರವಾಹದಲ್ಲಿ ಅಲ್ಲಿನ ಹಳೆಯ ಅಣೆಯ ಒಂಬತ್ತು ಬಾಗಿಲುಗಳೇ ಕೊಚ್ಚಿಹೋದವು ಎಂದರೆ ಆ ಕಡೆಗೆ ನುಗ್ಗುವ ನೀರಿನ ಬಲವನ್ನು ಊಹಿಸಬಹುದು.

ದ್ವೀಪದ ಕೆಳತುದಿಯಲ್ಲಿ, ಎರಡೂ ಕವಲುಗಳು ಮತ್ತೆ ಬಹಳ ಹತ್ತಿರ ಬರುವಲ್ಲಿ, ಕಲ್ಲಣೈ ಇದೆ. ಚೋಳ ದೊರೆ ಕರಿಕಾಲನು ಕಟ್ಟಿಸಿದನೆಂದು ಹೇಳುವ ಆ ಅಣೆಯ ಮೇಲೆ ಇಂದು ರಸ್ತೆ ಹಾದುಹೋಗುತ್ತದೆ. ಕಾರಿನಿಂದಿಳಿದು ಒಂದು ಮೆಟ್ಟಿಲನ್ನೂ ಹತ್ತದೆ ನೀವಿಬ್ಬರೂ ಅಲ್ಲಿ ಅಡ್ಡಾಡಬಹುದು. ಒಂದು ಸಾಲು ಬಾಗಿಲುಗಳ ಕೆಳಗೆ ಕಾವೇರಿ, ಇನ್ನೊಂದು ಸಾಲಿನ ಕೆಳಗೆ ವೆಣ್ಣಾರು, ಪಕ್ಕದಲ್ಲಿ 1934ರ ಸುಮಾರಿಗೆ ತೋಡಿದ ಹೊಸ ಕಾಲುವೆ, ಉತ್ತರಕ್ಕೆ ಕೊಳ್ಳಿಡಂ. ಒಂದೇ ನದಿ ನಾಲ್ಕಾಗುವುದನ್ನು ನಿಂತಲ್ಲೇ ಕಾಣಬಹುದು. ಕಾವೇರಿಯ ಬಾಗಿಲಿನ ಕೆಳಗೆ ನೀರು ನೊರೆಗಟ್ಟಿ ಏಳುತ್ತಿದ್ದರೆ ಕುಂಭಕೋಣದಲ್ಲೂ ನೀರಿರುತ್ತದೆ ಎಂದು ತಿಳಿಯಿರಿ. ನೀರು ಕಡಿಮೆಯಿರುವ ವರ್ಷಗಳಲ್ಲಿ ಈ ಕವಲುಗಳಿಗೆ ಸರದಿಯಂತೆ ಬಿಡುವುದುಂಟು. ಆಗ ಒಂದು ಕವಲು ತುಂಬಿದ್ದು ಪಕ್ಕದ್ದು ಖಾಲಿಯಿರಬಹುದು. ಅಲ್ಲಿರುವ ಸಿಬ್ಬಂದಿಯನ್ನು ಕೇಳಿದರೆ ಯಾವುದರ ಸರದಿ ಎಂದು ಹೇಳುತ್ತಾರೆ, ಅದರಂತೆ ನಿಮ್ಮ ಮುಂದಿನ ದಿನಗಳನ್ನು ಹಿಂದೆಮುಂದೆ ಮಾಡಿಕೊಳ್ಳಬಹುದು.

ಕಲ್ಲಣೈ ದಾಟಿದ ಮೇಲೆ ಕಾವೇರಿಯಿಂದ ಕುಡಮುರುಟ್ಟಿ, ಅರಸಲಾರು ಹೀಗೆ ಕವಲು ಕವಲಾಗಿ ನೀರು ಒಡೆಯುತ್ತಾ ಹೋಗುತ್ತದೆ. ಶ್ರೀರಂಗಂನಲ್ಲಿ ಆಚೆ ದಡ ದೂರ ಕಾಣುತ್ತಿದ್ದ ನದಿ ಮಯಿಲಾಡುತುರೈ ತಲುಪುವಷ್ಟರಲ್ಲಿ ಒಂದು ದೊಡ್ಡ ಕಾಲುವೆಯಷ್ಟಾಗುತ್ತದೆ. ಪೂಂಪುಹಾರ್‌ನಲ್ಲಿ ಕಡಲು ಸೇರುವುದು ಆ ಸಣ್ಣ ಹರಿವು. ಅಲ್ಲಿ ದೊಡ್ಡ ಸಂಗಮವನ್ನು ನಿರೀಕ್ಷಿಸಿ ಹೋದವರು 'ಇಷ್ಟೇನಾ' ಎನ್ನುತ್ತಾರೆ, ಅದೇ ಮಾತು ಊರಿಗೆ ಬಂದು 'ಸೇರುವುದೇ ಇಲ್ಲ' ಎಂದಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ನದಿ ಸಣ್ಣದಾದದ್ದು ಬರಿದಾದ್ದರಿಂದಲ್ಲ, ಹಂಚಿಹೋದದ್ದರಿಂದ. ದಾರಿಯುದ್ದಕ್ಕೂ ಎರಡೂ ಬದಿಗೆ ಕಂಡ ಗದ್ದೆಗಳಲ್ಲಿ ನಿಂತಿರುವುದು ಅದೇ ನೀರು. ಅಗಲವಾದ ಹರಿವನ್ನೂ ನೋಡಬೇಕೆಂದಿದ್ದರೆ ಕುಂಭಕೋಣದಲ್ಲಿ ತಂಗಿರುವಾಗ ಅರ್ಧ ದಿನ ಬಿಡುವು ಮಾಡಿಕೊಂಡು ಉತ್ತರದ ಅಣೈಕರೈಗೆ ಹೋಗಿ ಕೊಳ್ಳಿಡಂನ ಕೆಳ ಅಣೆಯನ್ನು ನೋಡಿ ಬನ್ನಿ.

ದಂಡೆಯ ದಾರಿಯ ವಿಷಯಕ್ಕೆ ಬರುತ್ತೇನೆ. ಸುಮಾರು 800 ಕಿಲೋಮೀಟರ್ ಉದ್ದದ ಈ ನದಿಯಲ್ಲಿ 320 ಕಿ.ಮೀ. ಕರ್ನಾಟಕದಲ್ಲಿದೆ, 416 ಕಿ.ಮೀ. ತಮಿಳುನಾಡಿನಲ್ಲಿದೆ, ಉಳಿದ 64 ಕಿ.ಮೀ. ಎರಡೂ ರಾಜ್ಯಗಳ ಗಡಿಯಾಗಿ ಹರಿಯುತ್ತದೆ. ಆ ಗಡಿಭಾಗವೂ ಅದರ ಮೇಲಿನ ಮುತ್ತತ್ತಿ, ಮೇಕೆದಾಟು ಪ್ರದೇಶವೂ ಕಡಿದಾದ ಕಮರಿ ಮತ್ತು ಕಾವೇರಿ ವನ್ಯಜೀವಿಧಾಮದ ಕಾಡು. ಅಲ್ಲಿ ನದಿಯ ಪಕ್ಕ ಸಾಗುವ ರಸ್ತೆಯೇ ಇಲ್ಲ, ಆನೆಗಳ ಓಡಾಟ ಹೆಚ್ಚು. ಆದ್ದರಿಂದ ಶಿವನಸಮುದ್ರದಿಂದ ಮೆಟ್ಟೂರಿನವರೆಗೆ ನೀವು ನದಿಯನ್ನು ಬಿಡಲೇಬೇಕು. ಮೇಕೆದಾಟನ್ನು ಕನಕಪುರದ ಕಡೆಯಿಂದ ಹೋಗಿ ಬರಬಹುದು, ಆದರೆ ಸಂಗಮದಲ್ಲಿ ಅರ್ಕಾವತಿಯನ್ನು ದಾಟಿ, ಆಚೆ ದಡದಲ್ಲಿ ಕುಲುಕಾಡುವ ಬಸ್ಸಿನಲ್ಲಿ ಹೋಗಿ, ನುಣುಪಾದ ಬಂಡೆಗಳ ಮೇಲೆ ಇಳಿಯಬೇಕು. ಅಕ್ಟೋಬರ್‌ನಲ್ಲಿ ಅರ್ಕಾವತಿ ಏರಿದ್ದರೆ ದಾಟಲು ಬಿಡುವುದೇ ಇಲ್ಲ. ಇದನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಬದಲಿಗೆ ಕೊಳ್ಳೇಗಾಲ, ಹನೂರು ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಒಂದು ರಾತ್ರಿ ಉಳಿದು, ಮರುದಿನ ಬೆಳಿಗ್ಗೆ ಪಾಲಾರ್ ದಾಟಿ ಮೆಟ್ಟೂರಿಗೆ ಇಳಿಯಿರಿ. ಹಗಲಿನಲ್ಲೇ ಈ ದಾರಿ ಮುಗಿಸಿ, ಬೆಟ್ಟದ ತಿರುವುಗಳೂ ಕಾಡೂ ಕತ್ತಲಲ್ಲಿ ಬೇಡ.

ಈಗ ನಿಮ್ಮ ಹದಿನಾಲ್ಕು ರಾತ್ರಿಗಳನ್ನು ಹೇಗೆ ಹಂಚಬಹುದೆಂದು ನೋಡೋಣ. ದಿನಕ್ಕೊಂದು ಊರು ಎಂದರೆ ದಿನವೂ ಪೆಟ್ಟಿಗೆ ಕಟ್ಟುವುದು, ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕಿದ ಹೊತ್ತಿಗೆ ತಲುಪುವುದು, ಸಂಜೆ ನದಿ ನೋಡುವ ಹೊತ್ತಿನಲ್ಲಿ ಕೋಣೆ ಹುಡುಕುವುದು. ತಮಿಳುನಾಡಿನ ಬಹುತೇಕ ದೇವಸ್ಥಾನಗಳು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮುಚ್ಚಿ ನಾಲ್ಕರ ನಂತರ ತೆರೆಯುತ್ತವೆ ಎಂಬುದನ್ನು ನೆನಪಿಡಿ. ಬೆಳಿಗ್ಗೆ ದರ್ಶನ, ನಡುಹಗಲು ಪ್ರಯಾಣ ಅಥವಾ ವಿಶ್ರಾಂತಿ, ಸಂಜೆ ಸ್ನಾನಘಟ್ಟ ಎಂದು ದಿನವನ್ನು ಹೊಂದಿಸಿಕೊಂಡರೆ ಎಂಟು ತಂಗುದಾಣಗಳು ಸಾಕು.

ಮೊದಲ ಎರಡು ರಾತ್ರಿ ಭಾಗಮಂಡಲದ ಸುತ್ತಮುತ್ತ. ತಲಕಾವೇರಿಗೆ ಅಲ್ಲಿಂದ ಎಂಟು ಕಿಲೋಮೀಟರ್, ಕಾರು ದೇವಸ್ಥಾನದ ಹತ್ತಿರದವರೆಗೂ ಹೋಗುತ್ತದೆ. ಕುಂಡಿಕೆಯವರೆಗಿನ ಮೆಟ್ಟಿಲುಗಳನ್ನು ನಿಧಾನಕ್ಕೆ ಹತ್ತಬಹುದು, ಅಲ್ಲಿಂದ ಮೇಲೆ ಬ್ರಹ್ಮಗಿರಿಯ ಮೆಟ್ಟಿಲುಗಳು ಮಾತ್ರ ಬೇಡ. ಭಾಗಮಂಡಲದಿಂದ ಹೊರಡುವಾಗ ಎಲ್ಲರೂ ಮಡಿಕೇರಿಯ ದಾರಿ ಹಿಡಿಯುತ್ತಾರೆ. ನೀವು ನಾಪೋಕ್ಲು, ಮೂರ್ನಾಡು, ಸಿದ್ದಾಪುರದ ಮೂಲಕ ಕುಶಾಲನಗರಕ್ಕೆ ಬನ್ನಿ, ಬೇತ್ರಿಯ ಸೇತುವೆಯಂಥ ಕಡೆಗಳಲ್ಲಿ ಕಾಫಿ ತೋಟಗಳ ನಡುವೆ ನದಿ ಆಗಾಗ ಸಿಗುತ್ತದೆ. ಅದೇ ದಿನ ರಾಮನಾಥಪುರದಲ್ಲಿ ನಿಲ್ಲಲು ಸಮಯ ಇಟ್ಟುಕೊಳ್ಳಿ. ರಾಮೇಶ್ವರ ದೇವಸ್ಥಾನದ ಬಳಿಯ ವಹ್ನಿ ಪುಷ್ಕರಿಣಿಯಲ್ಲಿ ಮೀನು ಹಿಡಿಯುವಂತಿಲ್ಲ. ಕೈಗೆ ಒಂದಿಷ್ಟು ಪುರಿ ತೆಗೆದುಕೊಂಡು ನೀರಿಗೆ ಹಾಕಿದರೆ ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯ್ದೆರೆಯುತ್ತವೆ, ಕಲ್ಲಿನ ಮೇಲೆ ಕುಳಿತೇ ನೋಡಬಹುದು.

ಮುಂದೆ ಶ್ರೀರಂಗಪಟ್ಟಣದಲ್ಲಿ ಮೂರು ರಾತ್ರಿ. ನಿಮ್ಮ ಮನೆ ಅಲ್ಲಿಂದ ಕೂಗಳತೆಯಲ್ಲಿದೆ, ಮನೆಗೇ ಹೋಗಿ ಮಲಗೋಣ ಎನಿಸುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ನದಿಯ ಪಕ್ಕವೇ ಬೆಳಗಾಗುವುದು ಈ ಪ್ರವಾಸದ ಸಾರ, ಮನೆಗೆ ಹೋದರೆ ಅಂಚೆ, ಫೋನು, ನೆಂಟರು ಎಲ್ಲ ಸುತ್ತಿಕೊಳ್ಳುತ್ತವೆ. ನಂತರ ತಿರುಮಕೂಡಲು ನರಸೀಪುರದಲ್ಲಿ ಕಪಿಲಾ ಸಂಗಮ, ತಲಕಾಡಿನ ಮರಳು ನೋಡಿಕೊಂಡು ಶಿವನಸಮುದ್ರದ ಸಮೀಪ ಒಂದು ರಾತ್ರಿ. ಗಗನಚುಕ್ಕಿಯನ್ನು ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದ ನೋಡಿ. ದರ್ಗಾದ ಕಡೆಯಿಂದ ಬಂಡೆಗಳಿಗೆ ಇಳಿದು ಪ್ರಾಣ ಕಳೆದುಕೊಂಡವರು ಬಹಳ ಜನ. ಭರಚುಕ್ಕಿಯನ್ನೂ ಮೇಲಿನಿಂದಲೇ ನೋಡಿದರೆ ಸಾಕು.

ಇಲ್ಲೊಂದು ನಂಬಿಕೆಯ ಮಾತು. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಶ್ರೀರಂಗಂನ ಅಂತ್ಯರಂಗ, ಈ ಮೂವರ ದರ್ಶನ ಒಂದೇ ದಿನದಲ್ಲಿ ಆದರೇ ಫಲ ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡುವವರು ದಿನವಿಡೀ ಹೆದ್ದಾರಿಯಲ್ಲೇ ಕಳೆಯುತ್ತಾರೆ. ನದಿಯ ಗತಿಯಲ್ಲಿ ಸಾಗಿ ಒಂದೊಂದೇ ರಂಗನನ್ನು ಕಾಣುವುದರಲ್ಲಿ ಯಾವ ಲೋಪವೂ ಇಲ್ಲ. ಮೂವರೂ ಕಾವೇರಿಯ ಕವಲುಗಳ ನಡುವಿನ ದ್ವೀಪಗಳಲ್ಲೇ ಮಲಗಿದ್ದಾರೆ ಎಂಬುದು ಹಾಗೆ ಬಂದವರಿಗೆ ಮಾತ್ರ ಮನಸ್ಸಿಗೆ ತಟ್ಟುತ್ತದೆ.

ಮಹದೇಶ್ವರ ಬೆಟ್ಟದ ಒಂದು ರಾತ್ರಿಯ ನಂತರ ಮೆಟ್ಟೂರಿನ ಅಣೆಕಟ್ಟು ನೋಡಿ, ಭವಾನಿಯಲ್ಲಿ ಒಂದು ರಾತ್ರಿ ತಂಗಿ. ಕೂಡುತುರೈನ ಸಂಗಮೇಶ್ವರ ದೇವಸ್ಥಾನದ ಬೆನ್ನಿಗೇ ಭವಾನಿ ನದಿ ಬಂದು ಕಾವೇರಿಯನ್ನು ಕೂಡುತ್ತದೆ, ಮಳೆಯ ದಿನಗಳಲ್ಲಿ ಎರಡು ನೀರಿನ ಬಣ್ಣ ಬೇರೆಬೇರೆಯಾಗಿಯೇ ಸ್ವಲ್ಪ ದೂರ ಸಾಗುತ್ತದೆ. ಅಲ್ಲಿಂದ ಈರೋಡ್‌ಗೆ ಬಂದು, ತಿರುಚ್ಚಿಗೆ ಹಗಲಿನ ರೈಲು ಹಿಡಿಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಕೊಡುಮುಡಿ, ಕರೂರು, ಕುಳಿತಲೈ ಮೂಲಕ ಹೋಗುವ ಸುಮಾರು 140 ಕಿಲೋಮೀಟರಿನ ಆ ಹಳಿ ನದಿಯ ಬಲದಂಡೆಯನ್ನು ಬಹುಪಾಲು ಅನುಸರಿಸುತ್ತದೆ. ಎಡಬದಿಯ ಕಿಟಕಿಯಲ್ಲಿ ಕುಳಿತರೆ ಬಾಳೆತೋಟಗಳ ಆಚೆ ಕಾವೇರಿ ಬಂದು ಹೋಗುತ್ತಿರುತ್ತದೆ. ದಂಡೆಯ ದಾರಿ ಎಂದು ನೀವು ಕಲ್ಪಿಸಿಕೊಂಡದ್ದಕ್ಕೆ ಇಡೀ ನದಿಯಲ್ಲಿ ಅತ್ಯಂತ ಹತ್ತಿರವಾದದ್ದು ಇದೇ.

ಶ್ರೀರಂಗಂನಲ್ಲಿ ಮೂರು ರಾತ್ರಿ. ಮಲೈಕೋಟೆಯ ಉಚ್ಚಿ ಪಿಳ್ಳೈಯಾರ್ ಗುಡಿಯಿಂದ ಎರಡೂ ಕವಲುಗಳು ಕಾಣುತ್ತವೆ, ಆದರೆ ನಾನೂರಕ್ಕೂ ಹೆಚ್ಚು ಮೆಟ್ಟಿಲುಗಳಿರುವುದರಿಂದ ಅದನ್ನು ನೀವೊಬ್ಬರೇ ಹತ್ತಿ ಬರಬೇಕಾಗುತ್ತದೆ. ಮುಕ್ಕೊಂಬು ಮತ್ತು ಕಲ್ಲಣೈಗೆ ಒಂದು ದಿನ ಪೂರ್ತಿ ಇಡಿ. ಸಮಯ ಉಳಿದರೆ ಸಮಯಪುರಂ ಬಳಿಯ ಕಣ್ಣನೂರಿಗೂ ಹೋಗಿ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರ ಅಲ್ಲಿಂದ ಆಳಿದ, ನಮ್ಮವರು ಕಾವೇರಿಯ ಈ ತುದಿಗೂ ಬಂದು ನೆಲೆಸಿದ್ದರು. ಕುಂಭಕೋಣದಲ್ಲಿ ಎರಡು ರಾತ್ರಿ. ದಾರಿಯಲ್ಲಿ ತಿರುವೈಯಾರು ಸಿಗುತ್ತದೆ, ತ್ಯಾಗರಾಜರ ಸಮಾಧಿ ನದಿಯ ದಂಡೆಯಲ್ಲೇ ಇದೆ. ಕುಂಭಕೋಣದಲ್ಲಿ ವಿಜಯೀಂದ್ರ ತೀರ್ಥರ ಬೃಂದಾವನಕ್ಕೆ ಬರುವ ಕನ್ನಡಿಗರು ಹಲವರು, ಅಲ್ಲಿ ನಿಮ್ಮ ಮಾತು ಕೇಳುವವರು ಸಿಕ್ಕಾರು. ಕೊನೆಯ ರಾತ್ರಿ ಮಯಿಲಾಡುತುರೈ, ಅಲ್ಲಿಂದ ಪೂಂಪುಹಾರ್ ಒಂದು ಗಂಟೆಯೊಳಗಿನ ದಾರಿ.

ಹರಿಗೋಲಿನ ಬಗ್ಗೆ ನಿಮ್ಮ ಭಯ ಅಸಹಜವಲ್ಲ. ಬಿದಿರಿನಿಂದ ಹೆಣೆದು, ಹಿಂದೆ ಚರ್ಮ ಹೊದಿಸುತ್ತಿದ್ದ, ಈಗ ದಪ್ಪ ಪ್ಲಾಸ್ಟಿಕ್ ಹಾಳೆಗೆ ಟಾರು ಬಳಿದ ಈ ದುಂಡನೆಯ ದೋಣಿ ತಳ ಚಪ್ಪಟೆಯಾಗಿರುವುದರಿಂದ ನಿಂತ ನೀರಿನಲ್ಲಿ ಬಹಳ ಸ್ಥಿರ. ಜನರು ಒಂದೇ ಕಡೆ ವಾಲಿದಾಗ, ಹೆಚ್ಚು ಜನ ಹತ್ತಿದಾಗ, ಸೆಳೆತವಿರುವ ನೀರಿಗೆ ಒಯ್ದಾಗ ಅದು ಮಗುಚುತ್ತದೆ. ಹೊಗೇನಕಲ್‌ನಲ್ಲಿ ಒಳಹರಿವು ಹೆಚ್ಚಾದ ದಿನ ಅಧಿಕಾರಿಗಳು ಹರಿಗೋಲು ನಿಲ್ಲಿಸುತ್ತಾರೆ. ಆ ದಿನ ಯಾರಾದರೂ ಬೇರೆ ದಡದಿಂದ ಕರೆದೊಯ್ಯುತ್ತೇನೆಂದರೆ ಒಪ್ಪಬೇಡಿ. ನಿಮ್ಮವರಿಗೆ ಇನ್ನೊಂದು ಅಡಚಣೆಯಿದೆ: ಅದರಲ್ಲಿ ಮಂಡಿ ಮಡಚಿ ಬಹಳ ತಗ್ಗಿನಲ್ಲಿ ಕೂರಬೇಕು, ಏಳುವಾಗ ಹಿಡಿಯಲು ಗಟ್ಟಿಯಾದದ್ದೇನೂ ಇರುವುದಿಲ್ಲ. ಆಸೆಯಿದ್ದರೆ ತಲಕಾಡಿನ ಕಡೆ, ನೀರು ಶಾಂತವಾಗಿರುವಲ್ಲಿ, ಲೈಫ್ ಜಾಕೆಟ್ ತೊಟ್ಟು ದಂಡೆಗೆ ಹತ್ತಿರವೇ ಸ್ವಲ್ಪ ಹೊತ್ತು ಕುಳಿತು ಬನ್ನಿ.

ಸ್ನಾನದ ವಿಷಯದಲ್ಲಿ ನಾನು ಹೆಚ್ಚು ಕಟ್ಟುನಿಟ್ಟು. ಕಟ್ಟಿದ ಸ್ನಾನಘಟ್ಟ ಬಿಟ್ಟು ಬೇರೆಲ್ಲೂ ಇಳಿಯಬೇಡಿ. ಕರ್ನಾಟಕದ ಭಾಗದಲ್ಲಿ ಬಂಡೆಗಳ ನಡುವೆ ಮಡುಗಳೂ ಸುಳಿಗಳೂ ಇವೆ. ಕರೂರು, ತಿರುಚ್ಚಿಯ ಕಡೆ ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣದೆ ಇರುತ್ತವೆ, ಮೊಣಕಾಲುದ್ದದ ನೀರಿನಿಂದ ಒಂದೇ ಹೆಜ್ಜೆಗೆ ತಲೆ ಮುಳುಗುವ ಆಳಕ್ಕೆ ಹೋಗಬಹುದು. ಅಣೆಕಟ್ಟಿನ ಕೆಳಗಿನ ಎಲ್ಲ ಊರುಗಳಲ್ಲೂ ಬಿಸಿಲು ಹೊಡೆಯುತ್ತಿರುವಾಗಲೇ ನೀರು ಏರಬಹುದು ಎಂಬುದನ್ನು ಮರೆಯಬೇಡಿ. ನಾನು ಜೊತೆಗೆ ಬಂದವರಿಗೆ ಹೇಳಿಕೊಡುವ ಸರಳ ಪರೀಕ್ಷೆ ಇದು: ಘಟ್ಟಕ್ಕೆ ಬಂದ ಕೂಡಲೇ ನೀರಿನ ಅಂಚಿಗೆ ಸರಿಯಾಗಿ ಮೆಟ್ಟಿಲ ಮೇಲೆ ಒಂದು ಕಲ್ಲಿಟ್ಟು ಕಾಲು ಗಂಟೆ ಕುಳಿತುಕೊಳ್ಳಿ. ಕಲ್ಲು ಮುಳುಗಿದ್ದರೆ, ಇಲ್ಲವೇ ತಿಳಿಯಾಗಿದ್ದ ನೀರು ಕೆಂಪಾಗಿ ಕಡ್ಡಿ, ಎಲೆ, ನೊರೆ ತೇಲಿಬರತೊಡಗಿದರೆ, ಸೈರನ್ ಕೇಳಿಸಲಿ ಬಿಡಲಿ, ಎದ್ದು ಮೇಲೆ ಬನ್ನಿ. ಪಾಚಿ ಕಟ್ಟಿದ ಮೆಟ್ಟಿಲುಗಳಲ್ಲಿ ನಿಮ್ಮ ಮನೆಯವರು ಇಳಿಯುವುದಕ್ಕಿಂತ ತಂಬಿಗೆಯಲ್ಲಿ ನೀರು ತಂದು ತಲೆಗೆ ಹಾಕಿಕೊಳ್ಳುವುದು ಲೇಸು. ಭವಾನಿಯ ಕೆಳಗೆ ಈರೋಡ್, ಪಳ್ಳಿಪಾಳೆಯಂ ಭಾಗದಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕೊಳೆ ನದಿಗೆ ಸೇರುವುದರಿಂದ ಅಲ್ಲಿ ಸ್ನಾನ ಬೇಡ. ಪೂಂಪುಹಾರ್‌ನ ಕಡಲಿಗೂ ಇಳಿಯಬೇಡಿ, ಅಲ್ಲಿನ ಸೆಳೆತ ಅಪಾಯಕಾರಿ.

ಸ್ವಂತ ಕಾರಿನ ಕುರಿತು ಒಂದು ಮಾತು. ಹೋಗುವಾಗ ಅದು ಅನುಕೂಲ, ಹಿಂದಿರುಗುವಾಗ ಭಾರ. ಕಡಲಿನಿಂದ ಮೈಸೂರಿಗೆ ಸುಮಾರು 500 ಕಿಲೋಮೀಟರ್ ಒಂದೇ ಸಮನೆ ಓಡಿಸಬೇಕಾಗುತ್ತದೆ. ನಿಮ್ಮ ಮಗನೋ ಅಳಿಯನೋ ಪರಿಚಿತ ಚಾಲಕರೋ ಈರೋಡ್‌ವರೆಗೆ ಬಂದು ಕಾರನ್ನು ಹಿಂದಕ್ಕೆ ತರಲು ಸಾಧ್ಯವಾದರೆ ಅದೇ ಉತ್ತಮ. ತಿರುಚ್ಚಿಯಿಂದ ಮುಂದೆ ಸ್ಥಳೀಯ ಬಾಡಿಗೆ ಕಾರು ಸುಲಭವಾಗಿ ಸಿಗುತ್ತದೆ, ಅಲ್ಲಿನ ಚಾಲಕರಿಗೆ ಯಾವ ಕವಲಿನಲ್ಲಿ ನೀರಿದೆ ಎಂಬುದೂ ಗೊತ್ತಿರುತ್ತದೆ. ಮಯಿಲಾಡುತುರೈನಿಂದ ಮೈಸೂರಿಗೆ ನೇರ ರಾತ್ರಿ ರೈಲಿದೆ, ಅದರಲ್ಲಿ ಕೆಳಗಿನ ಬರ್ತ್ ಸಿಗುವಂತೆ ಬಹಳ ಮುಂಚೆಯೇ ಟಿಕೆಟ್ ಮಾಡಿಸಿ. ನೀರು ಹಂಚಿಕೆಯ ವಿವಾದ ಬಿಸಿಯಾದ ವರ್ಷಗಳಲ್ಲಿ, 2016ರ ಸೆಪ್ಟೆಂಬರ್‌ನಲ್ಲಾದಂತೆ, ಗಡಿಯಲ್ಲಿ ಬಸ್ಸುಗಳು ನಿಲ್ಲುತ್ತವೆ, ಆಚೆ ರಾಜ್ಯದ ನೋಂದಣಿಯ ವಾಹನಗಳಿಗೆ ತೊಂದರೆಯಾಗುತ್ತದೆ. ಅಂಥ ಸುದ್ದಿ ಬಂದರೆ ಮಹದೇಶ್ವರ ಬೆಟ್ಟದವರೆಗಿನ ಭಾಗವನ್ನು ಮಾತ್ರ ಮುಗಿಸಿ, ಉಳಿದದ್ದನ್ನು ಜನವರಿಗೆ ಇಟ್ಟುಕೊಳ್ಳಿ.

ಚಂಡಮಾರುತದ ಮುನ್ಸೂಚನೆ ಬಂದಾಗಲೂ ಇದೇ ರೀತಿ ಮುರಿಯಲು ಒಂದು ಜಾಗ ಬೇಕು, ಅದು ಶ್ರೀರಂಗಂ. ಹವಾಮಾನ ಇಲಾಖೆ ನಾಗಪಟ್ಟಣಂ ಕರಾವಳಿಗೆ ಎಚ್ಚರಿಕೆ ಕೊಟ್ಟಿದ್ದರೆ ಕುಂಭಕೋಣದ ಕಡೆ ಹೋಗದೆ ಶ್ರೀರಂಗಂನಲ್ಲೇ ಉಳಿಯಿರಿ. ಎರಡು ಮೂರು ದಿನಗಳಲ್ಲಿ ಮಳೆ ಕಳೆದರೆ ಮುಂದುವರಿಯಬಹುದು, ಕಳೆಯದಿದ್ದರೆ ತಿರುಚ್ಚಿಯಲ್ಲೇ ಅದೇ ರೈಲು ಹತ್ತಬಹುದು. ಆದ್ದರಿಂದ ಕುಂಭಕೋಣ ಮತ್ತು ಮಯಿಲಾಡುತುರೈನ ಕೋಣೆಗಳನ್ನು ಕಾದಿರಿಸುವಾಗ, ಹಿಂದಿನ ದಿನ ರದ್ದು ಮಾಡಿದರೂ ಹಣ ವಾಪಸು ಕೊಡುವ ಕಡೆಯಲ್ಲೇ ಕಾದಿರಿಸಿ. ಆ ವರ್ಷ ದೀಪಾವಳಿ ಇದೇ ದಿನಗಳಲ್ಲಿ ಬರುತ್ತದೆಯೇ ಎಂದು ಪಂಚಾಂಗ ನೋಡಿಕೊಂಡು, ಬಂದರೆ ಹಬ್ಬದ ಮೂರೂ ದಿನ ಶ್ರೀರಂಗಂನಲ್ಲೇ ಇರುವಂತೆ ದಿನಗಳನ್ನು ಸರಿಹೊಂದಿಸಿಕೊಳ್ಳಿ.